ಮಡಚಿದರೆ ಕುಸಿಯುವ ಮೊಣಕೈ

ಬ್ಲೆಂಡರಿನಲ್ಲಿ ಒಂದು ಪಾತ್ರ ಮಾಡಿ, ಅದರೊಳಗೆ ಎಲುಬು ಕೂರಿಸಿ, ಮೊದಲ ಸಲ ಅದರ ಕೈ ಮಡಚಿಸಿದವರ ಅನುಭವ ಹೆಚ್ಚುಕಡಿಮೆ ಒಂದೇ. ಕೈ ಚಾಚಿ ನಿಂತಿರುವಷ್ಟು ಹೊತ್ತು ಎಲ್ಲ ಸರಿಯಾಗಿರುತ್ತದೆ. ಮಡಚಿದ್ದೇ ತಡ, ಮೊಣಕೈಯ ಗಂಟು ಚೂಪಾಗಿ ಹೊರಗೆ ಕಾಣಬೇಕಾದ ಜಾಗವೇ ಒಳಕ್ಕೆ ಕುಸಿಯುತ್ತದೆ. ತೋಟಕ್ಕೆ ನೀರು ಬಿಡುವ ಪೈಪನ್ನು ಮಡಚಿದರೆ ಮಡಿಕೆಯಲ್ಲಿ ಚಪ್ಪಟೆಯಾಗುತ್ತದಲ್ಲ, ಹಾಗೆ. ಪಾತ್ರವನ್ನು ಕುಕ್ಕರಗಾಲಲ್ಲಿ ಕೂರಿಸಿದರೆ ಇನ್ನೂ ಕಷ್ಟ. ಮಂಡಿಚಿಪ್ಪು ಇರಬೇಕಾದ ಕಡೆ ಒಂದು ಹಳ್ಳ ಬಿದ್ದಿರುತ್ತದೆ.

ಇದನ್ನು ನೋಡಿದವರು ಮೊದಲು ಮಾಡುವ ಕೆಲಸ ಬ್ರಷ್ ಎತ್ತಿಕೊಳ್ಳುವುದು. ಮೊಣಕೈ ಸುತ್ತ ಸ್ವಲ್ಪ ಕೆಂಪು ಬಳಿಯುತ್ತಾರೆ, ಸ್ವಲ್ಪ ನೀಲಿ ಬಳಿಯುತ್ತಾರೆ, ಮೆತ್ತಗೆ ಉಜ್ಜುತ್ತಾರೆ. ಒಂದು ಕಡೆ ಸರಿಹೋಗುತ್ತದೆ, ಇನ್ನೊಂದು ಕಡೆ ಕೆಡುತ್ತದೆ. ಗಂಟೆಗಟ್ಟಲೆ ಬಳಿದರೂ ಸರಿಹೋಗದ ಮೊಣಕೈಗಳಿವೆ. ಯಾಕೆಂದರೆ ಈ ಕುಸಿತಕ್ಕೆ ಕಾರಣ ಎರಡು. ಒಂದು, ಬಣ್ಣ ಬಳಿದದ್ದರಲ್ಲೇ ಇರುವ ತಪ್ಪು. ಇನ್ನೊಂದು, ಬಣ್ಣ ಎಷ್ಟೇ ಚೆನ್ನಾಗಿ ಬಳಿದಿದ್ದರೂ ಉಳಿಯುವ, ಲೆಕ್ಕದಲ್ಲೇ ಇರುವ ದೋಷ. ಎದುರಿಗಿರುವುದು ಯಾವುದು ಎಂದು ತಿಳಿಯದೆ ಬ್ರಷ್ ಹಿಡಿದರೆ ಕೆಲಸ ಮುಗಿಯುವುದಿಲ್ಲ.

ಮೊದಲು ಈ ಬಣ್ಣ ಏನೆಂದು ನೋಡೋಣ. ಪಾತ್ರದ ಮೈ ಎಂದರೆ ಸಾವಿರಾರು ಬಿಂದುಗಳನ್ನು ಗೆರೆಗಳಿಂದ ಸೇರಿಸಿ ಹೆಣೆದ ಬಲೆ. ಬಿಂದುವಿಗೆ ವರ್ಟೆಕ್ಸ್ ಎನ್ನುತ್ತಾರೆ, ಬಲೆಗೆ ಮೆಶ್. ಬಲೆಯೊಳಗೆ ಇಳಿಸಿದ ಎಲುಬುಗಳ ಗೂಡು ಆರ್ಮೇಚರ್. ಎಲುಬು ತಿರುಗಿದಾಗ ಯಾವ ಬಿಂದು ಎಷ್ಟರ ಮಟ್ಟಿಗೆ ಅದರ ಹಿಂದೆ ಹೋಗಬೇಕು ಎಂದು ಹೇಳುವ ಸಂಖ್ಯೆಯೇ ವೇಟ್. ಅದು 0 ಇದ್ದರೆ ಆ ಎಲುಬಿಗೂ ಬಿಂದುವಿಗೂ ಸಂಬಂಧವಿಲ್ಲ. 1 ಇದ್ದರೆ ಬಿಂದು ಪೂರ್ತಿ ಅದರದ್ದೇ. ಬ್ಲೆಂಡರಿನ Weight Paint ಮೋಡ್ ಈ ಸಂಖ್ಯೆಗಳನ್ನು ಬಣ್ಣವಾಗಿ ತೋರಿಸುತ್ತದೆ: ಕಡುನೀಲಿ ಸೊನ್ನೆ, ಹಸಿರು ಅರ್ಧ, ಕೆಂಪು ಒಂದು. ಪ್ರತಿ ಎಲುಬಿಗೂ ಅದೇ ಹೆಸರಿನ ಒಂದು ವರ್ಟೆಕ್ಸ್ ಗ್ರೂಪ್ ಮೆಶ್‌ನಲ್ಲಿರುತ್ತದೆ, ಸಂಖ್ಯೆಗಳು ಉಳಿಯುವುದು ಅಲ್ಲಿ. ಬಣ್ಣ ಕಣ್ಣಿಗೆ ಮಾತ್ರ, ಕೆಲಸ ಮಾಡುವುದು ಸಂಖ್ಯೆ. ಈ ಮಾತನ್ನು ಒಪ್ಪಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಒಂದು ಪಾತ್ರವನ್ನು ಎದುರಿಗಿಟ್ಟುಕೊಂಡೇ ಮಾತಾಡುವುದು ಒಳ್ಳೆಯದು. ಕಾರ್ಟೂನ್ ಮೈಕಟ್ಟಿನ ಒಬ್ಬ ಹುಡುಗ, ನೆಲದ ಮೇಲೆ ಊಟಕ್ಕೆ ಕೂರಬೇಕು, ತುತ್ತು ಬಾಯಿಗಿಡಬೇಕು. ಅಂದರೆ ಮೊಣಕೈಯೂ ಮಂಡಿಯೂ ಹೆಚ್ಚುಕಡಿಮೆ ಕೊನೆಯವರೆಗೆ ಮಡಚಬೇಕು. ಅವನ ಎಡಗೈಯ ಮೇಲ್ತೋಳಿನ ಎಲುಬು `upper_arm.L`, ಮುಂಗೈಯದ್ದು `forearm.L`. ರಿಗಿಫೈ ಬಳಸುವವರಿಗೆ ಇವೇ ಹೆಸರುಗಳ ಮುಂದೆ `DEF-` ಕಾಣುತ್ತದೆ, ಒಂದೊಂದು ಎಲುಬು ಎರಡು ತುಂಡಾಗಿಯೂ ಇರುತ್ತದೆ, ವಿಷಯ ಬದಲಾಗುವುದಿಲ್ಲ. ಮೊಣಕೈ ಇರುವ ಕಡೆ ತೋಳಿನ ದಪ್ಪ 10 ಸೆಂಟಿಮೀಟರ್. ಅಂದರೆ ಕೀಲಿನ ನಟ್ಟನಡುವಿನಿಂದ ಚರ್ಮಕ್ಕೆ 5 ಸೆಂಟಿಮೀಟರ್. ಈ 5 ಅನ್ನು ನೆನಪಿಡಿ, ಮುಂದಿನ ಲೆಕ್ಕವೆಲ್ಲ ಇದರದ್ದೇ.

ಮೆಶ್ ಆರಿಸಿ, ಆಮೇಲೆ ಆರ್ಮೇಚರ್ ಆರಿಸಿ, Ctrl+P ಒತ್ತಿ With Automatic Weights ಎಂದರೆ ಬ್ಲೆಂಡರೇ ಮೊದಲ ಸುತ್ತಿನ ವೇಟ್ ಹಾಕಿಕೊಡುತ್ತದೆ. ಎಲುಬಿನಿಂದ ಶಾಖ ಹೊರಟು ಮೈಯ ಮೇಲೆ ಹರಡಿದರೆ ಎಲ್ಲಿ ಎಷ್ಟು ಬಿಸಿಯಾದೀತು ಎಂದು ಲೆಕ್ಕ ಹಾಕುವ ವಿಧಾನವಿದು. ಇಲ್ಯಾ ಬರಾನ್ ಮತ್ತು ಯೋವಾನ್ ಪೊಪೊವಿಚ್ 2007ರಲ್ಲಿ ಇದನ್ನು ಪ್ರಕಟಿಸಿದರು. ಆರಂಭಕ್ಕೆ ಇದು ಬಹಳ ಒಳ್ಳೆಯದು. ಆದರೆ ಶಾಖಕ್ಕೆ ಮೊಣಕೈ ಯಾವುದು, ಪಕ್ಕೆಲುಬು ಯಾವುದು ಎಂಬ ಅರಿವಿಲ್ಲ. ಕೈ ಮೈಗೆ ಹತ್ತಿರವಿದ್ದರೆ ಬೆನ್ನೆಲುಬಿನ ಪಾಲು ಒಂದಿಷ್ಟು ಮೊಣಕೈಗೂ ಸಿಗಬಹುದು. ಎರಡು ಕಾಲು ಹತ್ತಿರ ನಿಂತಿದ್ದರೆ ಬಲತೊಡೆಯ ಪಾಲು ಎಡಮಂಡಿಯ ಒಳಮಗ್ಗುಲಿಗೆ ತಗುಲಬಹುದು. ಆಮೇಲೆ ನಾವೇ ಬ್ರಷ್ ಆಡಿಸುವಾಗ ಬೇರೆ ಎಲುಬನ್ನು ಆರಿಸಿಕೊಂಡು ಬಳಿದರೆ ಇಂಥ ಅಡ್ಡಪಾಲು ಇನ್ನಷ್ಟು ಸೇರುತ್ತದೆ.

ಹಾಗಾಗಿ ಮೊದಲ ಕೆಲಸ ಬಳಿಯುವುದಲ್ಲ, ಪತ್ತೆ ಮಾಡುವುದು. ಟೈಮ್‌ಲೈನಿನ 1ನೇ ಫ್ರೇಮಿನಲ್ಲಿ ಹುಡುಗನ ಕೈ ನೇರ ಇರಲಿ, 20ರಲ್ಲಿ 90 ಡಿಗ್ರಿ ಮಡಚಲಿ, 40ರಲ್ಲಿ 140 ಡಿಗ್ರಿ. ಮನುಷ್ಯನ ಮೊಣಕೈ ಮಡಚುವುದೇ 140ರಿಂದ 150ರವರೆಗೆ, ಅದಕ್ಕಿಂತ ಹೆಚ್ಚು ಪರೀಕ್ಷಿಸಿ ಫಲವಿಲ್ಲ. ಈಗ ಟೈಮ್‌ಲೈನನ್ನು ನಿಧಾನವಾಗಿ ಹಿಂದೆ ಮುಂದೆ ಎಳೆಯುತ್ತ ಮೊಣಕೈ ನೋಡಿ. ಕೆಲವು ಬಿಂದುಗಳು ಮಾತ್ರ ಗುಂಪಿನಿಂದ ಹಿಂದುಳಿದು ಮುಳ್ಳಿನಂತೆ ಎಳೆದುಕೊಂಡರೆ, ಅಥವಾ ಹಳ್ಳ ಒಂದೇ ಮಗ್ಗುಲಲ್ಲಿ ಸೊಟ್ಟಗೆ ಬಿದ್ದರೆ, ಅದು ಅಡ್ಡಪಾಲಿನ ಗುರುತು. ಇಡೀ ಸುತ್ತು ಸಮನಾಗಿ, ಮಡಚಿದಷ್ಟೂ ಕ್ರಮವಾಗಿ ಸಣ್ಣಗಾಗುತ್ತ ಹೋದರೆ ಅದು ಲೆಕ್ಕದ ದೋಷ. ಇನ್ನೊಂದು ಸುಲಭ ಪರೀಕ್ಷೆ: ಎಡಮಂಡಿ ಕೆಟ್ಟಿದ್ದರೆ ಬಲತೊಡೆಯ ಎಲುಬನ್ನು ತಿರುಗಿಸಿ. ಎಡಮಂಡಿ ಕೂದಲೆಳೆಯಷ್ಟು ಅಲುಗಿದರೂ ಅಲ್ಲಿ ಬಲತೊಡೆಗೆ ಪಾಲಿದೆ ಎಂದು ಅರ್ಥ.

ಅಡ್ಡಪಾಲನ್ನು ಕಣ್ಣಿನಿಂದ ಹುಡುಕುವುದು ಕಷ್ಟ. 0.05 ವೇಟಿಗೂ 0 ವೇಟಿಗೂ ನೀಲಿ ಬಣ್ಣದಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. Edit Mode ಗೆ ಹೋಗಿ ಕೆಟ್ಟ ಬಿಂದುವನ್ನು ಆರಿಸಿ, N ಒತ್ತಿದರೆ ಬರುವ ಪಕ್ಕದ ಪಟ್ಟಿಯ Item ಪುಟದಲ್ಲಿ Vertex Weights ಎಂಬ ಭಾಗ ನೋಡಿ. ಆ ಬಿಂದುವಿನ ಮೇಲೆ ಯಾವ ಯಾವ ಎಲುಬಿನ ಹಕ್ಕು ಎಷ್ಟಿದೆ ಎಂಬ ಪೂರ್ತಿ ಜಾತಕ ಅಲ್ಲಿರುತ್ತದೆ. ನಮ್ಮ ಹುಡುಗನ ಮೊಣಕೈಯ ತುದಿಯ ಒಂದು ಬಿಂದುವಿನಲ್ಲಿ ಹೀಗಿದೆ ಎನ್ನಿ: ಮೇಲ್ತೋಳು 0.40, ಮುಂಗೈ 0.35, ಬೆನ್ನೆಲುಬು 0.25. ಈ ಬಿಂದುವಿನ ಕಾಲು ಭಾಗ ಎಂದೆಂದಿಗೂ ಬೆನ್ನಿಗೇ ಅಂಟಿಕೊಂಡಿದೆ. ಹುಡುಗ ಕೈ ಎತ್ತಿದಾಗ ಮೇಲ್ತೋಳೂ ಮುಂಗೈಯೂ ಮೇಲೆ ಹೋಗುತ್ತವೆ, ಬೆನ್ನೆಲುಬು ಇದ್ದಲ್ಲೇ ಇರುತ್ತದೆ. ಬಿಂದು ಮೂವರ ನಡುವೆ ಜಗ್ಗಾಡಿ ಕೆಳಗುಳಿಯುತ್ತದೆ. ಮೊಣಕೈ ಸೀಳಿದಂತೆ ಕಾಣುವುದು ಇದರಿಂದ. ಪಟ್ಟಿಯಲ್ಲೇ ಬೆನ್ನೆಲುಬಿನ ಸಾಲಿನ ಮುಂದಿರುವ ಅಡ್ಡಗುರುತು ಒತ್ತಿ ಅದನ್ನು ತೆಗೆದುಹಾಕಬಹುದು. ಬಿಂದುಗಳು ಬಹಳ ಇದ್ದರೆ ಮೊಣಕೈ ಭಾಗವನ್ನೆಲ್ಲ ಆರಿಸಿಕೊಂಡು, ವರ್ಟೆಕ್ಸ್ ಗ್ರೂಪ್ ಪಟ್ಟಿಯಲ್ಲಿ ಬೆನ್ನೆಲುಬಿನ ಹೆಸರು ಒತ್ತಿ, Remove ಒತ್ತಿದರೆ ಒಂದೇ ಏಟಿಗೆ ಹೋಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬಹಳ ಜನ 0.02ರಂಥ ಚಿಲ್ಲರೆ ವೇಟಿನಿಂದ ಏನಾದೀತು ಎಂದು ಬಿಟ್ಟುಬಿಡುತ್ತಾರೆ. ಆದರೆ ಬ್ಲೆಂಡರಿನ ಆರ್ಮೇಚರ್ ಮಾಡಿಫೈಯರ್ ಒಂದು ಬಿಂದುವಿನ ವೇಟುಗಳನ್ನೆಲ್ಲ ಕೂಡಿಸಿ, ಆ ಮೊತ್ತದಿಂದ ಭಾಗಿಸಿಯೇ ಎಲುಬುಗಳಿಗೆ ಪಾಲು ಹಂಚುತ್ತದೆ. ಬಿಂದುವಿನ ಮೇಲೆ ಇರುವುದು ಅದೊಂದೇ 0.02 ಆದರೆ, ಆ ಎಲುಬೇ ಅದಕ್ಕೆ ನೂರಕ್ಕೆ ನೂರು ಒಡೆಯ. ಬ್ರಷ್‌ನಿಂದ ಒಂದು ಎಲುಬಿನ ಪಾಲನ್ನು ಅಳಿಸಿದಿರಿ, ಇನ್ನೊಂದರ ಪಾಲು ತುಂಬಲಿಲ್ಲ, ಕಣ್ಣಿಗೆ ಕಾಣದ ಮೂರನೆಯದೊಂದು ಅಲ್ಲಿ ಉಳಿದಿತ್ತು ಎಂದಾದರೆ, ಬಿಂದು ಹಠಾತ್ತನೆ ಆ ಮೂರನೆಯದರ ಹಿಂದೆ ಓಡುತ್ತದೆ. ಅದಕ್ಕೇ ಬಳಿಯುವ ಮೊದಲು Auto Normalize ಗುರುತು ಹಾಕಿಕೊಳ್ಳಬೇಕು. ಆಗ ಒಂದು ಕಡೆ ಹೆಚ್ಚಿಸಿದರೆ ಇನ್ನೊಂದು ಕಡೆ ತಾನೇ ಕಡಿಮೆಯಾಗಿ ಮೊತ್ತ ಯಾವಾಗಲೂ 1 ಇರುತ್ತದೆ. ಇದರ ಜೊತೆ ಒಂದು ಅಭ್ಯಾಸ ಬೇಕು: ಪಾಲು ಕಳೆಯುವ ಬ್ರಷ್ ಬಳಸಬೇಡಿ. ಮೇಲ್ತೋಳಿನ ಪಾಲು ಕಡಿಮೆಯಾಗಬೇಕೆ, ಮುಂಗೈಯನ್ನು ಆರಿಸಿ ಅದರ ಪಾಲು ಹೆಚ್ಚಿಸಿ. ಕಳೆಯುವಾಗ ಉಳಿದದ್ದು ಯಾರಿಗೆ ಹೋಗಬೇಕು ಎಂದು ನೀವು ಹೇಳಿರುವುದಿಲ್ಲ, ಕೂಡುವಾಗ ಹೇಳಿರುತ್ತೀರಿ.

ಅಡ್ಡಪಾಲು ತೆಗೆದಾಯಿತು. ಈಗ ಮೊಣಕೈಯ ಗೆರೆಗಳನ್ನು ನೋಡಿ. ತೋಳಿನ ಸುತ್ತ ಬಳೆಯ ಹಾಗೆ ಹೋಗುವ ಗೆರೆಗೆ ಎಡ್ಜ್ ಲೂಪ್ ಎನ್ನುತ್ತಾರೆ. ಮಡಚುವ ಜಾಗದಲ್ಲಿ ಇಂಥ ಮೂರು ಸುತ್ತಾದರೂ ಬೇಕು: ಸರಿಯಾಗಿ ಕೀಲಿನ ಮೇಲೊಂದು, ಅದರ ಆಚೆಗೊಂದು, ಈಚೆಗೊಂದು. ಒಂದೇ ಸುತ್ತಿದ್ದರೆ ಯಾವ ವೇಟೂ ಕೈ ಹಿಡಿಯುವುದಿಲ್ಲ, ಬಾಗಲು ಅಲ್ಲಿ ಬಿಂದುಗಳೇ ಇಲ್ಲ. ಹಾಗೆಯೇ ನಡುವಿನ ಸುತ್ತು ಎಲುಬುಗಳ ಕೀಲಿಗೆ ನೇರ ಬರಬೇಕು. ಎಲುಬಿನ ಕೀಲು ಎರಡು ಸೆಂಟಿಮೀಟರ್ ಕೆಳಗಿದ್ದರೆ ಹುಡುಗ ಮೊಣಕೈಯಲ್ಲಿ ಅಲ್ಲ, ಮುಂಗೈಯಲ್ಲಿ ಮುರಿದುಕೊಳ್ಳುತ್ತಾನೆ. ಇದನ್ನು ಬಣ್ಣದಿಂದ ಮುಚ್ಚಲು ಹೋಗಬೇಡಿ, ಆರ್ಮೇಚರ್‌ನ Edit Mode ನಲ್ಲಿ ಕೀಲನ್ನೇ ಸರಿಸಿ. ವೇಟ್ ಇರುವುದು ಮೆಶ್‌ನಲ್ಲಾದ್ದರಿಂದ ಈವರೆಗೆ ಮಾಡಿದ ಕೆಲಸ ಎಲ್ಲೂ ಹೋಗುವುದಿಲ್ಲ.

ಮೂರು ಸುತ್ತಿಗೆ ವೇಟ್ ಹಾಕಲು ಬ್ರಷ್ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಬ್ರಷ್ ಸಾಮಾನ್ಯವಾಗಿ ಎದುರಿಗೆ ಕಾಣುವ ಮೈಗಷ್ಟೇ ಬಳಿಯುತ್ತದೆ. ಹಿಂಬದಿಯ, ಮಡಿಕೆಯೊಳಗಿನ ಬಿಂದುಗಳು ಹಳೆಯ ವೇಟಿನಲ್ಲೇ ಉಳಿದುಬಿಡುತ್ತವೆ. ಮುಂದಿನಿಂದ ನೋಡಿದರೆ ಅಚ್ಚುಕಟ್ಟು, ಹಿಂದಿನಿಂದ ನೋಡಿದರೆ ಹಳ್ಳ. Edit Mode ನಲ್ಲಿ Alt ಒತ್ತಿ ಗೆರೆಯೊಂದರ ಮೇಲೆ ಕ್ಲಿಕ್ ಮಾಡಿದರೆ ಇಡೀ ಸುತ್ತು ಆಯ್ಕೆಯಾಗುತ್ತದೆ. ವರ್ಟೆಕ್ಸ್ ಗ್ರೂಪ್ ಪಟ್ಟಿಯಲ್ಲಿ `upper_arm.L` ಒತ್ತಿ, Weight ಎಂಬಲ್ಲಿ 0.5 ಬರೆದು Assign. ಆಮೇಲೆ `forearm.L` ಒತ್ತಿ ಅದಕ್ಕೂ 0.5. ಇದು ನಡುವಿನ ಸುತ್ತು. ಮೇಲಿನ ಸುತ್ತಿಗೆ ಮೇಲ್ತೋಳು 0.9, ಮುಂಗೈ 0.1. ಕೆಳಗಿನದಕ್ಕೆ ತಿರುಗುಮುರುಗು. ಅದರಾಚೆ ಎಲ್ಲವೂ ತಮ್ಮ ತಮ್ಮ ಎಲುಬಿಗೆ 1. ತಾನೇ ಹಾಕಿಕೊಂಡ ವೇಟಿನಲ್ಲಿ ಈ ಬದಲಾವಣೆ ಅರ್ಧ ತೋಳಿನುದ್ದಕ್ಕೂ ಹರಡಿರುತ್ತದೆ, ಅದಕ್ಕೇ ಕೈ ರಬ್ಬರಿನಂತೆ ಬಳುಕುವುದು.

ಇಷ್ಟು ಮಾಡಿ 20ನೇ ಫ್ರೇಮಿಗೆ ಬನ್ನಿ. ಸೊಟ್ಟಗಿದ್ದದ್ದು ನೆಟ್ಟಗಾಗಿದೆ, ಮುಳ್ಳುಗಳಿಲ್ಲ, ಎರಡೂ ಮಗ್ಗುಲು ಒಂದೇ ಥರ. ಆದರೂ ಮೊಣಕೈ ಸಣಕಲಾಗಿದೆ. ಅಳೆದರೆ ಕೀಲಿನಿಂದ ಮೊಣಕೈಯ ತುದಿಗೆ 5 ಸೆಂಟಿಮೀಟರ್ ಇದ್ದದ್ದು ಸುಮಾರು 3.5 ಆಗಿದೆ. ಬಳಿದದ್ದರಲ್ಲಿ ಈಗ ತಪ್ಪಿಲ್ಲ. ಈಗ ಕಾಣುತ್ತಿರುವುದು ಲೆಕ್ಕದ ದೋಷ.

ಅದು ಹೇಗೆಂದು ಒಂದು ಹಾಳೆಯ ಮೇಲೆ ಬರೆದು ನೋಡಬಹುದು. ಮೊಣಕೈಯ ತುದಿಯ ಬಿಂದು ಪೂರ್ತಿ ಮೇಲ್ತೋಳಿನದ್ದಾಗಿದ್ದರೆ ಅಲುಗದೆ ಒಂದು ಕಡೆ ಇರುತ್ತಿತ್ತು; ಆ ಜಾಗ ಒಂದು. ಪೂರ್ತಿ ಮುಂಗೈಯದ್ದಾಗಿದ್ದರೆ ಕೀಲಿನ ಸುತ್ತ 90 ಡಿಗ್ರಿ ತಿರುಗಿ ಇನ್ನೊಂದು ಕಡೆ ಹೋಗುತ್ತಿತ್ತು. ಆ ಜಾಗ ಎರಡು. ಎರಡು ಜಾಗವೂ ಕೀಲಿನಿಂದ 5 ಸೆಂಟಿಮೀಟರ್ ದೂರದಲ್ಲೇ ಇವೆ, ಒಂದೇ ವೃತ್ತದ ಮೇಲೆ. ಅರ್ಧ–ಅರ್ಧ ಪಾಲಿದ್ದಾಗ ಕಂಪ್ಯೂಟರ್ ಈ ಎರಡು ಜಾಗಗಳ ಸರಾಸರಿ ತೆಗೆಯುತ್ತದೆ. ಸರಾಸರಿ ಬೀಳುವುದು ವೃತ್ತದ ಕಮಾನಿನ ಮೇಲಲ್ಲ, ಎರಡು ಜಾಗಗಳನ್ನು ಸೇರಿಸುವ ನೇರ ಗೆರೆಯ ನಡುವೆ. ಆ ಗೆರೆ ಕಮಾನಿಗಿಂತ ಒಳಗಿದೆ. ಒಳಗೆ ಹೋದಷ್ಟೂ ಮೊಣಕೈ ಕುಸಿದಂತೆ. ಶಾಲೆಯ ತ್ರಿಕೋನಮಿತಿ ನೆನಪಿದ್ದವರಿಗೆ ಸೂತ್ರವೂ ಸುಲಭ: ಮಡಚಿದ ಕೋನದ ಅರ್ಧಕ್ಕೆ ಕೊಸೈನ್ ತೆಗೆದು ಗುಣಿಸಿದರಾಯಿತು. 90 ಡಿಗ್ರಿಗೆ 5 ಸೆಂಟಿಮೀಟರ್ 3.5 ಆಗುತ್ತದೆ, 120ಕ್ಕೆ 2.5, ತುತ್ತು ಬಾಯಿಗೆ ಬರುವ 140ಕ್ಕೆ ಬರೀ 1.7. ಮೂರರಲ್ಲಿ ಎರಡು ಪಾಲಿನಷ್ಟು ಮೊಣಕೈ ಮಾಯ. ನಡೆದಾಡುವ, ಕೈ ಬೀಸುವ ಪಾತ್ರದಲ್ಲಿ ಕಾಣದ ದೋಷ ನೆಲಕ್ಕೆ ಕೂತು ಉಣ್ಣುವ ಪಾತ್ರದಲ್ಲಿ ಎದ್ದು ಕಾಣುವುದು ಇದಕ್ಕೇ.

ಈ ಸರಾಸರಿ ವಿಧಾನಕ್ಕೆ ಲೀನಿಯರ್ ಬ್ಲೆಂಡ್ ಸ್ಕಿನ್ನಿಂಗ್ ಎನ್ನುತ್ತಾರೆ. ಬ್ಲೆಂಡರ್ ಒಂದರದ್ದೇ ಗುಣವಲ್ಲ, ಮಾಯಾದಲ್ಲೂ ಗೇಮ್ ಎಂಜಿನ್‌ಗಳಲ್ಲೂ ವಾಡಿಕೆಯಲ್ಲಿರುವುದು ಇದೇ. ಲೆಕ್ಕ ಸರಳ, ವೇಗ ಹೆಚ್ಚು. ಹಾಗಾಗಿ ಇಷ್ಟು ವರ್ಷ ಬದುಕಿದೆ.

ಇದಕ್ಕೆ ಮೊದಲ ಪರಿಹಾರ ವೇಟಿನಲ್ಲೇ ಇದೆ. ನಿಮ್ಮ ಮೊಣಕೈಯನ್ನೇ ಮುಟ್ಟಿ ನೋಡಿ. ಕೈ ಮಡಚಿ ಬಿಚ್ಚುವಾಗ ಆ ಚೂಪು ಗಂಟು ಮುಂಗೈಯ ಜೊತೆಗೇ ಹೋಗುತ್ತದೆ, ಯಾಕೆಂದರೆ ಅದು ಮುಂಗೈಯ ಅಲ್ನಾ ಮೂಳೆಯ ತುದಿ. ಮೇಲ್ತೋಳಿಗೆ ಅದರಲ್ಲಿ ಪಾಲಿಲ್ಲ. ಹಾಗಿರುವಾಗ ನಡುವಿನ ಸುತ್ತಿನ ಎಲ್ಲ ಬಿಂದುಗಳಿಗೂ ಅರ್ಧ–ಅರ್ಧ ಹಂಚಿದ್ದೇ ತಪ್ಪು. ಹೊರಮಗ್ಗುಲಿನ, ಗಂಟು ಇರುವ ಎರಡು–ಮೂರು ಬಿಂದುಗಳನ್ನು ಮಾತ್ರ ಆರಿಸಿ ಮುಂಗೈಗೆ 0.9, ಮೇಲ್ತೋಳಿಗೆ 0.1 ಕೊಡಿ. 90 ಡಿಗ್ರಿಯಲ್ಲಿ 3.5 ಇದ್ದದ್ದು 4.5 ಸೆಂಟಿಮೀಟರಿಗೆ ಏರುತ್ತದೆ. 0.8 ಕೊಟ್ಟರೆ 4.1. ಸರಾಸರಿಯ ನಷ್ಟ ಅತಿ ಹೆಚ್ಚಾಗುವುದು ಪಾಲು ಸರಿಸಮ ಇದ್ದಾಗ. ಒಂದು ಕಡೆ ವಾಲಿದಷ್ಟೂ ನಷ್ಟ ಕಡಿಮೆ. ಇದಕ್ಕೆ ತೆರಬೇಕಾದ ಬೆಲೆ, ಗಂಟಿನ ಮೇಲಿನ ಚರ್ಮ ಹಿಗ್ಗುವುದು. ಅಲ್ಲಿ ಹೊರಮಗ್ಗುಲಿಗೆ ಇನ್ನೊಂದು ಗೆರೆ ಸೇರಿಸಿ, ಅದಕ್ಕೆ ಇವೆರಡರ ನಡುವಿನ ವೇಟ್ ಕೊಟ್ಟರೆ ಸಾಕು.

ಒಳಮಗ್ಗುಲನ್ನು, ಅಂದರೆ ಮಡಿಕೆ ಬೀಳುವ ಕಡೆಯನ್ನು, ಹೀಗೆ ಎಬ್ಬಿಸಲು ಹೋಗಬೇಡಿ. ಅಲ್ಲಿ ಚರ್ಮ ಒಳಗೆ ಹೋಗುವುದೇ ಸಹಜ. ಅರ್ಧ–ಅರ್ಧ ಪಾಲು ಅಲ್ಲಿ ಉಪಕಾರವನ್ನೇ ಮಾಡುತ್ತದೆ, ಬಿಂದುಗಳು ಒಳಸರಿದು ಮಡಿಕೆ ತಾನಾಗಿ ಬೀಳುತ್ತದೆ. ಮೊಣಕೈ ಕೆಟ್ಟಿತೆಂದು Smooth ಆಜ್ಞೆಯನ್ನು ಹತ್ತಾರು ಸಲ ಕೊಡುವವರು ಒಳಗನ್ನೂ ಹೊರಗನ್ನೂ ಒಂದೇ ಹದಕ್ಕೆ ತಂದು, ಮಾಡಿದ್ದನ್ನೆಲ್ಲ ಮತ್ತೆ ಸರಿಸಮ ಪಾಲಿಗೆ ತಳ್ಳುತ್ತಾರೆ. Smooth ಗೆ ಅದರ ಜಾಗ ಇದೆ, ಆದರೆ ಕುಸಿತಕ್ಕೆ ಅದು ಮದ್ದಲ್ಲ.

ಎರಡನೆಯ ದಾರಿ Preserve Volume. ಆರ್ಮೇಚರ್ ಮಾಡಿಫೈಯರಿನಲ್ಲಿ ಇದೊಂದು ಗುರುತು ಹಾಕಿದರೆ ಬ್ಲೆಂಡರ್ ಜಾಗಗಳ ಸರಾಸರಿ ಬಿಟ್ಟು, ಡ್ಯುಯಲ್ ಕ್ವಾಟರ್ನಿಯನ್ ಎಂಬ ಗಣಿತದಿಂದ ತಿರುಗುವಿಕೆಗಳನ್ನೇ ಬೆರೆಸುತ್ತದೆ. ಬಿಂದು ಗೆರೆಯ ಮೇಲೆ ಬೀಳದೆ ಕಮಾನಿನ ಮೇಲೇ ಉಳಿಯುತ್ತದೆ. ಲಾಡಿಸ್ಲಾವ್ ಕಾವನ್ ಮತ್ತು ಸಂಗಡಿಗರು 2007ರಲ್ಲಿ ಈ ಉಪಾಯವನ್ನು ಮುಂದಿಟ್ಟರು. ಒಂದು ಕ್ಲಿಕ್ಕಿಗೆ ಹಳ್ಳ ತುಂಬುವುದನ್ನು ನೋಡಿದರೆ ಖುಷಿಯಾಗುವುದು ನಿಜ. ಆದರೆ ಕೈ ಹೆಚ್ಚು ಮಡಚಿದಾಗ ಕೀಲಿನ ಸುತ್ತ ಬೇಡದ ಉಬ್ಬು ಬರುತ್ತದೆ, ಮತ್ತು ಇದು ಬ್ಲೆಂಡರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಗೇಮ್‌ಗಾಗಿ glTF ಕಡತವಾಗಿ ಕಳಿಸಿದರೆ ಅಲ್ಲಿ ಮತ್ತೆ ಹಳೆಯ ಸರಾಸರಿಯೇ, ಮತ್ತೆ ಅದೇ ಹಳ್ಳ. ಬ್ಲೆಂಡರಿನಲ್ಲೇ ರೆಂಡರ್ ಮಾಡುವ ಚಿಕ್ಕ ಚಿತ್ರಕ್ಕೆ ಬಳಸಿ, ಉಳಿದದ್ದಕ್ಕೆ ನೆಚ್ಚಿಕೊಳ್ಳಬೇಡಿ.

ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಮೂರನೆಯದು, ಸಹಾಯದ ಎಲುಬು. ಉಪಾಯ ಸರಳವಾಗಿದೆ. ನಡುವಿನ ಸುತ್ತು ಇಬ್ಬರ ನಡುವೆ ಹಂಚಿಹೋಗಿದ್ದರಿಂದ ತಾನೆ ಕುಸಿತ? ಅದನ್ನು ಯಾರಿಗೂ ಹಂಚದೆ ಅದಕ್ಕೇ ಒಂದು ಎಲುಬು ಕೊಟ್ಟರೆ? ಆ ಎಲುಬು ಮುಂಗೈ ತಿರುಗಿದ್ದರಲ್ಲಿ ಸರಿಯಾಗಿ ಅರ್ಧ ತಿರುಗಲಿ. ಮುಂಗೈ 90 ಡಿಗ್ರಿ ಹೋದರೆ ಇದು 45. ಸುತ್ತಿನ ಬಿಂದುಗಳು ಒಂದೇ ಎಲುಬಿಗೆ ಪೂರ್ತಿ ಅಂಟಿರುವುದರಿಂದ ಸರಾಸರಿಯ ಪ್ರಶ್ನೆಯೇ ಇಲ್ಲ. 5 ಸೆಂಟಿಮೀಟರ್ 5 ಆಗಿಯೇ ಉಳಿಯುತ್ತದೆ, ಎಷ್ಟು ಮಡಚಿದರೂ.

ಮಾಡುವ ಕ್ರಮ ಹೀಗೆ. ಆರ್ಮೇಚರ್‌ನ Edit Mode ನಲ್ಲಿ `forearm.L` ಆರಿಸಿ Shift+D ಒತ್ತಿ, ಸರಿಸದೆ ಬಲಗುಂಡಿ ಒತ್ತಿದರೆ ಅದೇ ಜಾಗದಲ್ಲಿ ನಕಲು ಬರುತ್ತದೆ. ಅದಕ್ಕೆ `elbow.L` ಎಂದು ಹೆಸರಿಡಿ. ಪಕ್ಕದ ಪಟ್ಟಿಯಲ್ಲಿ Length ಕಡಿಮೆ ಮಾಡಿ ಅದನ್ನು ಗಿಡ್ಡ ಮಾಡಿ, ಆದರೆ ದಿಕ್ಕು ಕೆಡಿಸಬೇಡಿ. ಅದರ ಪೇರೆಂಟ್ ಮೇಲ್ತೋಳೇ ಆಗಿರಬೇಕು. ನಕಲು ಮಾಡಿದ್ದರಿಂದ ಅದು ಹಾಗೇ ಇರುತ್ತದೆ. ಇನ್ನು Pose Mode ಗೆ ಬಂದು ಈ ಎಲುಬಿಗೆ Copy Rotation ಎಂಬ ಕನ್‌ಸ್ಟ್ರೇಂಟ್ ಹಾಕಿ. Target ಆಗಿ ಅದೇ ಆರ್ಮೇಚರ್, Bone ಆಗಿ `forearm.L`. ಕೆಳಗಿರುವ Target, Owner ಎರಡನ್ನೂ Local Space ಮಾಡಿ, Influence 0.5 ಮಾಡಿ. ಮುಂಗೈ ಮಡಚಿ ನೋಡಿ, ಹೊಸ ಎಲುಬು ಎರಡರ ನಡುವಿನ ಕೋನದಲ್ಲಿ ನಿಲ್ಲುತ್ತದೆ. ನಿಲ್ಲದೆ ಎತ್ತಲೋ ತಿರುಗಿದರೆ Local Space ಮರೆತಿರುತ್ತೀರಿ, ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ.

ಮೆಶ್‌ನಲ್ಲಿ `elbow.L` ಹೆಸರಿನ ವರ್ಟೆಕ್ಸ್ ಗ್ರೂಪ್ ಮಾಡಿ, ನಡುವಿನ ಸುತ್ತನ್ನು ಅದಕ್ಕೆ 1 ಎಂದು ಕೊಟ್ಟು, ಮೇಲ್ತೋಳು ಮತ್ತು ಮುಂಗೈಯಿಂದ ಆ ಸುತ್ತನ್ನು ತೆಗೆಯಿರಿ. ಮೇಲಿನ ಸುತ್ತಿಗೆ ಮೇಲ್ತೋಳು ಅರ್ಧ, ಹೊಸ ಎಲುಬು ಅರ್ಧ. ಕೆಳಗಿನದಕ್ಕೆ ಮುಂಗೈ ಅರ್ಧ, ಹೊಸ ಎಲುಬು ಅರ್ಧ. ಇಲ್ಲೂ ಸರಾಸರಿ ನಡೆಯುತ್ತದೆ, ಆದರೆ ಈಗ ಎರಡು ಎಲುಬುಗಳ ನಡುವಿನ ಕೋನ 90 ಅಲ್ಲ, 45. ಹಾಗಾಗಿ ಅಕ್ಕಪಕ್ಕದ ಸುತ್ತು ಕಳೆದುಕೊಳ್ಳುವುದು ನೂರಕ್ಕೆ ಎಂಟು ಪಾಲಿನಷ್ಟೇ. ತುತ್ತು ಬಾಯಿಗೆ ಬಂದಾಗ, 140 ಡಿಗ್ರಿಯಲ್ಲೂ, ಹಿಂದೆ 1.7ಕ್ಕೆ ಇಳಿದಿದ್ದ ಮೊಣಕೈ ಈಗ 5ರಲ್ಲೇ ನಿಂತಿದೆ. ಗಂಟು ಇನ್ನೂ ಚೂಪಾಗಬೇಕು ಎನಿಸಿದರೆ ಹೊರಮಗ್ಗುಲಿನ ಒಂದೆರಡು ಬಿಂದುಗಳಿಗೆ ಮೊದಲು ಹೇಳಿದಂತೆ ಮುಂಗೈಯ ಪಾಲು ಬೆರೆಸಿ. ಬಲಗೈಗೂ ಇದೇ ಎಲುಬನ್ನು `elbow.R` ಎಂದು ಮಾಡಿದರೆ, ವೇಟನ್ನು ಮತ್ತೆ ಕೈಯಾರೆ ಹಾಕಬೇಕಿಲ್ಲ. ಮೆಶ್ ಎರಡೂ ಕಡೆ ಒಂದೇ ಅಚ್ಚಿನಲ್ಲಿದ್ದರೆ `.L`, `.R` ಹೆಸರುಗಳನ್ನು ನೋಡಿ ಬ್ಲೆಂಡರೇ ಕನ್ನಡಿಯಂತೆ ಆಚೆಗೆ ದಾಟಿಸಬಲ್ಲದು.

ಮಂಡಿಗೂ ಇದೇ ಪಾಠ, ಎರಡು ಬದಲಾವಣೆಗಳೊಡನೆ. ಮಂಡಿಚಿಪ್ಪು ಮೊಣಕೈ ಗಂಟಿನಂತೆ ಕೆಳಗಿನ ಮೂಳೆಯ ತುಂಡಲ್ಲ. ಅದು ತೊಡೆಮೂಳೆಯ ಮುಂದೆ ಜಾರುತ್ತ, ಕೆಳಗೆ ಕಾಲಿನ ಮೂಳೆಗೆ ಕಟ್ಟಿಕೊಂಡಿರುವ ಬೇರೆಯೇ ಮೂಳೆ. ಆದ್ದರಿಂದ ಅದನ್ನು ಕಾಲಿಗೆ 0.9 ಕೊಡುವ ಬದಲು ಸಹಾಯದ ಎಲುಬಿಗೇ ಒಪ್ಪಿಸುವುದು ಸರಿ. ಇದು ಇಲ್ಲದೆ ಹೋದರೆ ಮಂಡಿಯ ಗತಿ ಮೊಣಕೈಗಿಂತ ಕೆಟ್ಟದ್ದು. ಕುಕ್ಕರಗಾಲಿನಲ್ಲಿ ಮಂಡಿ 150 ಡಿಗ್ರಿ ಮಡಚಿತೆಂದರೆ, ಸರಿಸಮ ಪಾಲಿನ ಬಿಂದು ಕೀಲಿನಿಂದ ತನಗಿದ್ದ ದೂರದ ಕಾಲು ಭಾಗದಷ್ಟನ್ನೇ ಉಳಿಸಿಕೊಂಡಿರುತ್ತದೆ. ಎರಡನೆಯದು ಹಿಂಬದಿಯದ್ದು. ಪೂರ್ತಿ ಕೂತಾಗ ಮೀನಖಂಡ ತೊಡೆಗೆ ಒತ್ತಿ ಇಬ್ಬದಿಗೆ ಹರಡಬೇಕು. ಇದನ್ನು ಯಾವ ವೇಟೂ ಮಾಡಿಕೊಡುವುದಿಲ್ಲ, ಎಲುಬಿನ ಲೆಕ್ಕಕ್ಕೆ ಒತ್ತುವುದು ಎಂದರೇನೆಂದೇ ಗೊತ್ತಿಲ್ಲ. ಒಂದು ಮೈ ಇನ್ನೊಂದರೊಳಗೆ ಹೊಕ್ಕುಬಿಡುತ್ತದೆ, ಅಷ್ಟೆ. ಕ್ಯಾಮೆರಾ ಆ ಕಡೆಯಿಂದ ನೋಡುವುದಾದರೆ ಪೂರ್ತಿ ಮಡಚಿದ ಭಂಗಿಗೆಂದೇ ಒಂದು ಶೇಪ್ ಕೀ ಮಾಡಿ, ಅಲ್ಲಿ ಮೀನಖಂಡವನ್ನು ಕೈಯಾರೆ ಚಪ್ಪಟೆ ಮಾಡಿ, ಮಂಡಿಯ ಕೋನಕ್ಕೆ ಡ್ರೈವರ್‌ನಿಂದ ಕಟ್ಟಬೇಕು. ನೋಡದಿದ್ದರೆ ಬಿಟ್ಟುಬಿಡಿ. ಕಾಣದ ಮಡಿಕೆಗೆ ದಿನ ಕಳೆಯುವುದು ಈ ಕಸುಬಿನ ದೊಡ್ಡ ಚಟ.

ಶೇಪ್ ಕೀಯನ್ನು ಮೊದಲೇ ಬಳಸಿ ಹಳ್ಳವನ್ನು ತುಂಬಿದರಾಯಿತಲ್ಲ ಎನ್ನುವವರಿದ್ದಾರೆ. ಆಗುತ್ತದೆ, ಆದರೆ ಆಮೇಲೆ ಯಾರಾದರೂ ವೇಟ್ ಮುಟ್ಟಿದರೆ ಆ ಶೇಪ್ ಕೀ ತಪ್ಪು ಜಾಗದಲ್ಲಿ ಉಬ್ಬುತ್ತದೆ. ಕೀಲು, ಗೆರೆ, ವೇಟ್, ಸಹಾಯದ ಎಲುಬು ಎಲ್ಲ ಮುಗಿದ ಮೇಲೆಯೇ ಅದರ ಸರದಿ.

ಬಟ್ಟೆ ತೊಡಿಸುವುದಿದ್ದರೂ ಇದೇ ಮಾತು. ಚಡ್ಡಿ, ಅಂಗಿ, ಪಂಚೆ ಯಾವುದೇ ಇರಲಿ, ಅದರ ವೇಟನ್ನು ಸಾಮಾನ್ಯವಾಗಿ Transfer Weights ಮೂಲಕ ಮೈಯಿಂದಲೇ ನಕಲು ಮಾಡಿಕೊಳ್ಳುತ್ತೇವೆ. ಬಟ್ಟೆ ಮುಚ್ಚುತ್ತದಲ್ಲ ಎಂದು ಮಂಡಿಯನ್ನು ಹಾಗೇ ಬಿಟ್ಟರೆ ಮಂಡಿಯ ಹಳ್ಳ ಬಟ್ಟೆಗೂ ಇಳಿಯುತ್ತದೆ, ಆಮೇಲೆ ಎರಡನ್ನೂ ಸರಿಮಾಡಬೇಕು. ಬಟ್ಟೆ ಹೊಲಿಯುವ ಮುನ್ನ ಪಾತ್ರವನ್ನು ಒಮ್ಮೆ ಕುಕ್ಕರಗಾಲಲ್ಲಿ ಕೂರಿಸಿ, ಎರಡೂ ಕೈ ಬಾಯಿಗೆ ತರಿಸಿ, ನಾಲ್ಕೂ ದಿಕ್ಕಿನಿಂದ ನೋಡಿ. ಗೇಮ್‌ಗೆ ಕಳಿಸುವುದಾದರೆ Preserve Volume ಗುರುತು ತೆಗೆದು ನೋಡಿ, ಜೊತೆಗೆ ಒಂದು ಬಿಂದುವಿಗೆ ನಾಲ್ಕಕ್ಕಿಂತ ಹೆಚ್ಚು ಎಲುಬು ಅಂಟದಂತೆ Limit Total ಅನ್ನು 4ಕ್ಕೆ ಇಟ್ಟು ಓಡಿಸಿ. ಬಹಳಷ್ಟು ಗೇಮ್ ಎಂಜಿನ್‌ಗಳು ಅದರಾಚೆಗಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.